ವಿದ್ಯಾನಗರದ ಎರಡನೇ ಮಹಡಿ

ಮದುವೆಗೆ ಬಂದ ಮಿಕ್ಸರ್‌ಗಳು ಮೂರು. ಫ್ರಿಜ್ ಒಂದೂ ಇಲ್ಲ. ಮಿಕ್ಸರ್ ಕೊಡುವವರದೂ ತಪ್ಪಲ್ಲ, ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರಬಹುದು. ಉಳಿದದ್ದನ್ನು ಬಸವರಾಜ ಮತ್ತು ಸವಿತಾ, ಆಹೇರಿಯಾಗಿ ಬಂದ ನಲವತ್ತು ಸಾವಿರ ರೂಪಾಯಿಯಲ್ಲಿ ಹೊಂದಿಸಬೇಕಿತ್ತು.

ಸವಿತಾ ಧಾರವಾಡದ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವಳು. ದಿನವೂ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಹೋಗಿ ಬರುವಾಗ ಸುಭಾಸ ರಸ್ತೆಯ ಅಂಗಡಿಗಳ ಬೆಲೆ ಅವಳ ಡೈರಿ ಸೇರುತ್ತಿತ್ತು. ಕೊಪ್ಪೀಕರ ರಸ್ತೆಯ ಬೆಲೆ ತರುವುದು ಬಸವರಾಜನ ಪಾಲು. ಅವನೋ, ಅಂಗಡಿಯೊಳಗೆ ನಿಂತು ಮೊಬೈಲ್ ನೋಡುವವನು.

ಒಂದು ರಾತ್ರಿ ಅವನು ಗೆದ್ದವನಂತೆ ಬಂದ. "ನೋಡು, ಇದೇ ಎರಡು ಬಾಗಿಲಿನ ಫ್ರಿಜ್. ಕೊಪ್ಪೀಕರ ರಸ್ತೆಯಲ್ಲಿ 27,500. ಆನ್‌ಲೈನಿನಲ್ಲಿ 24,990."

"ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ, ಓದಿರಿ."

ಆ ಬೆಲೆ ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿಗೆ ಮಾತ್ರ. ಕಾರ್ಡ್ ಇಲ್ಲದವರಿಗೆ 26,490.

"ಬಡ್ಡಿಯಿಲ್ಲದ ಕಂತೂ ಇದೆ," ಎಂದ ಅವನು, ಸ್ವಲ್ಪ ಇಳಿದ ದನಿಯಲ್ಲಿ.

ಸವಿತಾ ಪೆನ್ನು ತೆಗೆದಳು. ಬಡ್ಡಿ ಇದ್ದೇ ಇರುತ್ತದೆ, ಅಷ್ಟನ್ನು ಮೊದಲೇ ರಿಯಾಯಿತಿಯಾಗಿ ಕಳೆದಿರುತ್ತಾರೆ. ಆದರೆ ಬ್ಯಾಂಕು ಆ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಹಾಕುತ್ತದೆ, ಮೇಲೆ ಪ್ರಕ್ರಿಯಾ ಶುಲ್ಕ. ಸಾವಿರಗಟ್ಟಲೆ ಹೋಗುವುದಿಲ್ಲ, ನಿಜ. ಆದರೂ ಬಡ್ಡಿಯಿಲ್ಲ ಎಂದವರಿಗೆ ಬಡ್ಡಿಯ ತೆರಿಗೆ ಕಟ್ಟುವುದು ಅವಳ ಲೆಕ್ಕದ ಬುದ್ಧಿಗೆ ಒಗ್ಗಲಿಲ್ಲ.

ಫ್ರಿಜ್ಜಿನ ಮೇಲಿನ ವಿದ್ಯುತ್ ಉಳಿತಾಯದ ನಕ್ಷತ್ರಗಳ ವಿಷಯದಲ್ಲಿ ಇನ್ನೊಂದು ಸುತ್ತು ನಡೆಯಿತು. ಮೂರು ನಕ್ಷತ್ರದ್ದೇ ಬೇಕೆಂದು ಅವನ ಹಟ. ಎರಡು ನಕ್ಷತ್ರದ್ದರ, ಮೂರು ನಕ್ಷತ್ರದ್ದರ ಪಟ್ಟಿಗಳನ್ನೂ ಅವಳು ಫೋಟೊ ತೆಗೆದುಕೊಂಡು ಬಂದಿದ್ದಳು. ವರ್ಷಕ್ಕೆ ನಲವತ್ತೈದು ಯೂನಿಟ್ ವ್ಯತ್ಯಾಸ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಉಳಿಯುವುದು 270. ಬೆಲೆಯಲ್ಲಿನ ಅಂತರ ಮೂರು ಸಾವಿರ.

"ಹನ್ನೊಂದು ವರ್ಷ ಬೇಕು ರೀ, ಆ ನಕ್ಷತ್ರದ ಸಾಲ ತೀರಲು."

ಅವನು ನಕ್ಕುಬಿಟ್ಟ. ಫ್ರಿಜ್ಜಿನ ಮಾತು ಅಲ್ಲಿಗೆ ಮುಗಿಯಿತು.

ವಾಷಿಂಗ್ ಮಷಿನ್ ಮಾತ್ರ ಬಗೆಹರಿಯಲಿಲ್ಲ. ಅವನಿಗೆ ಮುಂದೆ ಬಾಗಿಲಿರುವ, ತಾನೇ ತೊಳೆದು ತಾನೇ ಹಿಂಡುವ ಮಷಿನ್ ಬೇಕು. ಆನ್‌ಲೈನಿನಲ್ಲಿ 27,990. ಅವನ ಅವ್ವ ಬಾವಿಕಟ್ಟೆಯ ಮೇಲೆ ಬಟ್ಟೆ ಸೆಣೆದು ಸೊಂಟ ಹಾಳು ಮಾಡಿಕೊಂಡಿದ್ದನ್ನು ಕಂಡವನು. ತನ್ನ ಮನೆಯಲ್ಲಿ ಯಾರೂ ಬಟ್ಟೆಗೆ ಕೈ ಹಚ್ಚಬಾರದು ಎಂಬುದು ಅವನ ಆಸೆ. ಅದನ್ನು ಅವನು ಬಾಯಿಬಿಟ್ಟು ಹೇಳಿದಾಗ ಸವಿತಾ ಡೈರಿ ಮುಚ್ಚಿದಳು. ಎದುರು ಮಾತಾಡಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಅವನನ್ನು ಕರೆದಳು.

ನೀರು ನೂಲಿನಂತೆ ಬೀಳುತ್ತಿತ್ತು. ಅವರದು ಎರಡನೇ ಮಹಡಿ, ತೊಟ್ಟಿ ನೆತ್ತಿಯ ಮೇಲೆಯೇ. ಎತ್ತರವಿಲ್ಲದಿದ್ದರೆ ಒತ್ತಡ ಎಲ್ಲಿಂದ ಬರಬೇಕು? ಮಲಪ್ರಭೆಯ ನೀರು ಬರುವುದೂ ಕೆಲವು ದಿನಗಳಿಗೊಮ್ಮೆ. ಕೆಲವೊಮ್ಮೆ ವಾರವೇ ಹಿಡಿಯುತ್ತದೆ. ಇಬ್ಬರೂ ಗೋಡೆಗೆ ಒರಗಿ, ಬಕೆಟ್ ನೋಡುತ್ತ, ಯಾವ ಚಿಕ್ಕಮ್ಮ ಯಾವ ಸೀರೆ ಕೊಟ್ಟಳು ಎಂಬುದನ್ನೆಲ್ಲ ಮಾತಾಡಿ ಮುಗಿಸಿದರು. ಬಕೆಟ್ ಅರ್ಧ ತುಂಬಿತ್ತು.

"ನಿಮ್ಮ ಮಷಿನ್ ಈ ನೀರಿಗೆ ಬಾಯಿ ತೆರೆದುಕೊಂಡು ಕೂತೇ ಇರುತ್ತದೆ. ಎರಡು ಡಬ್ಬದ್ದಾದರೆ ಕೊಡದಿಂದ ಸುರಿಯಬಹುದು."

"ಸುರಿಯುವವರು ಯಾರು?"

"ನೀವು," ಎಂದಳು. ಅವನು ಒಪ್ಪಿದ.

ಭಾನುವಾರ ದುರ್ಗದಬೈಲಿನ ಹತ್ತಿರದ ಅಂಗಡಿಗೆ ಹೋದರು, ಬಸವರಾಜನ ಸೋದರಮಾವನ ಗುರುತಿನದು. ಗುರುತಿನ ಅಂಗಡಿಯಲ್ಲಿ ಚಹಾ ಸಿಗುತ್ತದೆ, ರಿಯಾಯಿತಿ ಸಿಗುವುದಿಲ್ಲ ಎಂಬುದು ಹುಬ್ಬಳ್ಳಿಯವರಿಗೆಲ್ಲ ಗೊತ್ತು. ಮಾಲೀಕರು ಚಹಾ ತರಿಸಿದರು. ಮೊಬೈಲಿನ ಬೆಲೆ ನೋಡಿ, "ಈ ಬೆಲೆಗೆ ಬಂದರೆ ನಾನೇ ನಾಲ್ಕು ತರಿಸಿಕೊಳ್ಳುತ್ತೇನೆ," ಎಂದರು.

"ಅವರು ಎರಡನೇ ಮಹಡಿಗೆ ಹೊತ್ತು ತರುವುದಿಲ್ಲ. ನೀವು ತರುತ್ತೀರಿ," ಎಂದಳು ಸವಿತಾ. "ಎರಡು ನಕ್ಷತ್ರದ ಫ್ರಿಜ್, ಎರಡು ಡಬ್ಬದ ಮಷಿನ್, ಸ್ಟ್ಯಾಂಡು, ಸ್ಟೆಬಿಲೈಜರ್, ಹಮಾಲಿ ಎಲ್ಲ ಸೇರಿ 35,500."

"ಮೂವತ್ತೇಳಕ್ಕೆ ಕೆಳಗೆ ಆಗುವುದಿಲ್ಲ, ತಂಗಿ."

ಸವಿತಾ ಚೀಲದಿಂದ ಒಂದು ಡಬ್ಬ ತೆಗೆದು ಮೇಜಿನ ಮೇಲಿಟ್ಟಳು. "ಸೀಲ್ ಒಡೆಯದ ಮಿಕ್ಸರ್. ಇದಕ್ಕೆಷ್ಟು ಹಿಡಿಯುತ್ತೀರಿ?"

ಬಸವರಾಜ ನಾಚಿಕೆಯಿಂದ ರಸ್ತೆಯ ಕಡೆ ತಿರುಗಿದ. ಮಾಲೀಕರು ಡಬ್ಬವನ್ನು ಹೊರಳಿಸಿ ನೋಡಿ, ಕನ್ನಡಕ ಹಾಕಿಕೊಂಡು, ಮೂಲೆಯ ಚೀಟಿಯನ್ನು ಮತ್ತೊಮ್ಮೆ ಓದಿದರು.

"ಇದು ನಮ್ಮಲ್ಲಿಂದಲೇ ಹೋದದ್ದು. ನಿಮ್ಮ ಮಾವನವರೇ ಒಯ್ದಿದ್ದರು. 3,200 ಎಂದು ಬಿಲ್ ಬರೆಸಿಕೊಂಡು 2,400 ಕೊಟ್ಟಿದ್ದರು."

"ಹಾಗಾದರೆ 2,400ನ್ನೇ ಹಿಡಿಯಿರಿ," ಎಂದಳು ಸವಿತಾ. "ಮಾವನಿಗೆ ನಾವೂ ಹೇಳುವುದಿಲ್ಲ, ನೀವೂ ಹೇಳಬೇಡಿ."

ಮಾಲೀಕರು ಒಳಗಿದ್ದ ಹುಡುಗನಿಗೆ ಬಿಲ್ ಪುಸ್ತಕ ತರಲು ಹೇಳಿದರು.