ಸಾಗಣೆಯಲ್ಲಿ ಪೆಟ್ಟು ಬಿದ್ದು ಹಾಳಾದ ಹಾರ್ಡ್ ಡಿಸ್ಕ್: ಪಾರ್ಸೆಲ್ ಸಂಖ್ಯೆ 84417209ರ ಬಗ್ಗೆ ದೂರು

ದಿನಾಂಕ: 21 ಆಗಸ್ಟ್ 2025

ಗೆ: ವ್ಯವಸ್ಥಾಪಕರು, ಗ್ರಾಹಕರ ದೂರು ವಿಭಾಗ
ಪ್ರತಿ: ಶಾಖಾ ವ್ಯವಸ್ಥಾಪಕರು, ಚಿತ್ರದುರ್ಗ

ಮಾನ್ಯರೇ,

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಫೋಟೋ ಮತ್ತು ವಿಡಿಯೋ ಸ್ಟುಡಿಯೋ ನಡೆಸುತ್ತಿರುವ ನಾನು, ಆಗಸ್ಟ್ 11ರ ಸೋಮವಾರ ನಿಮ್ಮ ಬೆಂಗಳೂರಿನ ರಾಜಾಜಿನಗರ ಶಾಖೆಯಲ್ಲಿ 8 ಟಿ.ಬಿ. ಸಾಮರ್ಥ್ಯದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ನನ್ನದೇ ವಿಳಾಸಕ್ಕೆ ಬುಕ್ ಮಾಡಿದ್ದೆ. ಎಡಿಟಿಂಗ್ ಕೆಲಸ ಮುಗಿಸಿಕೊಂಡು ಬೈಕಿನಲ್ಲಿ ಊರಿಗೆ ಮರಳುವವನಿದ್ದೆ. ಇನ್ನೂರು ಕಿಲೋಮೀಟರ್ ಕುಲುಕಾಟ ಡಿಸ್ಕಿಗೆ ಒಳ್ಳೆಯದಲ್ಲವೆಂದು ಅದನ್ನು ನಿಮ್ಮ ಕೈಗೆ ಒಪ್ಪಿಸಿದೆ. ರಶೀದಿಯಲ್ಲಿ ವಸ್ತುವಿನ ಮೌಲ್ಯ 18,500 ರೂಪಾಯಿ ಎಂದು ನಮೂದಾಗಿದೆ. ಸಾಗಣೆ ಶುಲ್ಕ 420 ರೂಪಾಯಿಯ ಜೊತೆಗೆ, ನಿಮ್ಮ ಸಿಬ್ಬಂದಿಯ ಸಲಹೆಯಂತೆ, ಹಾನಿಯ ಹೊಣೆಗೆಂದು ಪ್ರತ್ಯೇಕವಾಗಿ 370 ರೂಪಾಯಿಯನ್ನೂ ಕಟ್ಟಿದ್ದೇನೆ.

ಆಗಸ್ಟ್ 14ರ ಮಧ್ಯಾಹ್ನ ಪಾರ್ಸೆಲ್ ತಲುಪಿದಾಗ ಪೆಟ್ಟಿಗೆಯ ಕೆಳಗಿನ ಬಲ ಮೂಲೆ ಸುಮಾರು ನಾಲ್ಕು ಸೆಂಟಿಮೀಟರ್ ಒಳಕ್ಕೆ ಕುಸಿದಿತ್ತು. ಒಳಗಿನ ಡಿಸ್ಕ್ ಈಗ ಕೆಲಸ ಮಾಡುತ್ತಿಲ್ಲ. ದೂರವಾಣಿಯಲ್ಲಿ ನಾನು ಕೊಟ್ಟ ದೂರನ್ನು ನಿಮ್ಮ ಸಹಾಯವಾಣಿಯವರು “ಪ್ಯಾಕಿಂಗ್ ಸಮರ್ಪಕವಾಗಿರಲಿಲ್ಲ” ಎಂಬ ಒಂದೇ ಸಾಲಿನ ಕಾರಣ ಕೊಟ್ಟು 16ರಂದು ಮುಕ್ತಾಯಗೊಳಿಸಿದ್ದಾರೆ. ಪೆಟ್ಟಿಗೆಯನ್ನು ಯಾರೂ ಬಂದು ನೋಡದೆ ಈ ತೀರ್ಮಾನಕ್ಕೆ ಹೇಗೆ ಬಂದರೋ ತಿಳಿಯದು. ಆದ್ದರಿಂದ ನನ್ನಲ್ಲಿರುವ ಸಾಕ್ಷ್ಯವನ್ನು ಇಲ್ಲಿ ವಿವರವಾಗಿ ಇಡುತ್ತಿದ್ದೇನೆ.

ಮೊದಲು ಪ್ಯಾಕಿಂಗ್ ವಿಷಯ. ಡಿಸ್ಕನ್ನು ಎರಡು ಸುತ್ತು ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಆರೂ ಬದಿಗೆ ಐದು ಸೆಂಟಿಮೀಟರ್ ದಪ್ಪದ ಫೋಮ್ ಕೊಟ್ಟು, ಎರಡು ಪದರದ ರಟ್ಟಿನ ಪೆಟ್ಟಿಗೆಯಲ್ಲಿಟ್ಟಿದ್ದೆ. ಪೆಟ್ಟಿಗೆಯ ಹೊರಗೆ, 50 ಜಿ ಮೀರಿದ ಪೆಟ್ಟು ಬಿದ್ದರೆ ಬಿಳಿಯಿಂದ ಕೆಂಪಿಗೆ ತಿರುಗುವ ಸೂಚಕ ಪಟ್ಟಿಯನ್ನು ಅಂಟಿಸಿದ್ದೆ. ಇದು ಅತಿ ಎಚ್ಚರಿಕೆ ಎನಿಸಬಹುದು. ಎರಡು ವರ್ಷದ ಹಿಂದೆ ಹೀಗೆಯೇ ಕಳಿಸಿದ ಒಂದು ಲೆನ್ಸ್ ಒಡೆದು ಬಂದಿತ್ತು, ಆಗ ನನ್ನ ಬಳಿ ತೋರಿಸಲು ಏನೂ ಇರಲಿಲ್ಲ. ಈ ಬಾರಿ ನಿಮ್ಮ ಕೌಂಟರಿನ ಮೇಲೆ, ತೂಕದ ಯಂತ್ರದಲ್ಲಿ, ರಶೀದಿಯನ್ನು ಪಕ್ಕದಲ್ಲಿಟ್ಟು ತೆಗೆದ ಫೋಟೋದಲ್ಲಿ ನಾಲ್ಕೂ ಮೂಲೆ ಸರಿಯಾಗಿರುವುದೂ ಪಟ್ಟಿ ಬಿಳಿಯಾಗಿರುವುದೂ ಸ್ಪಷ್ಟವಾಗಿ ಕಾಣುತ್ತದೆ. 14ರಂದು ಮನೆ ಬಾಗಿಲಲ್ಲಿ ತೆಗೆದ ಫೋಟೋದಲ್ಲಿ ಅದೇ ಪಟ್ಟಿ ಪೂರ್ತಿ ಕೆಂಪಾಗಿದೆ. ಓಟಿಪಿ ಹೇಳುವ ಮೊದಲೇ ಆ ಫೋಟೋಗಳನ್ನು ತೆಗೆದೆ. ಪಾರ್ಸೆಲ್ ತಂದ ಹುಡುಗ ತಾಳ್ಮೆಯಿಂದ ಕಾದು, ಪೆಟ್ಟಿಗೆ ತನ್ನ ಕೈಗೆ ಬಂದಾಗಲೇ ಹೀಗಿತ್ತೆಂದು ವಿಡಿಯೋದಲ್ಲಿ ಹೇಳಿದ್ದಾನೆ. ಈ ನಷ್ಟವನ್ನು ಅವನ ಸಂಬಳದಿಂದ ಹಿಡಿಯಬಾರದೆಂದು ಕೇಳಿಕೊಳ್ಳುತ್ತೇನೆ.

ಪೆಟ್ಟಿಗೆಯನ್ನು ಬಿಚ್ಚಿದ ವಿಡಿಯೋ, ನಡುವೆ ಎಲ್ಲಿಯೂ ಕತ್ತರಿಸದೆ, ಹನ್ನೊಂದು ನಿಮಿಷವಿದೆ. ಅದರಲ್ಲಿ ಒಂದರ ಹಿಂದೆ ಒಂದಾಗಿ ಮೂರು ಗುರುತುಗಳು ಕಾಣುತ್ತವೆ: ಕುಸಿದ ರಟ್ಟಿನ ಮೂಲೆ, ಅದರ ಹಿಂದೆಯೇ ಹೆಬ್ಬೆರಳಿನಷ್ಟು ತಗ್ಗಾಗಿ ಮತ್ತೆ ಮೇಲೇಳದ ಫೋಮ್, ಅದರ ಹಿಂದೆ ಡಿಸ್ಕಿನ ಪ್ಲಾಸ್ಟಿಕ್ ಕವಚದಲ್ಲಿ ಬಿಟ್ಟ ಬಿರುಕು. ಮೂರೂ ಒಂದೇ ನೇರದಲ್ಲಿವೆ. ಸಡಿಲವಾಗಿ ಪ್ಯಾಕ್ ಮಾಡಿದ ವಸ್ತು ಒಳಗೆ ಅಲುಗಾಡಿದ್ದರೆ ಗೀರುಗಳು ಹಲವು ಕಡೆ ಬೀಳುತ್ತಿದ್ದವು. ಹೊರಗಿನಿಂದ ಒಂದೇ ಜಾಗಕ್ಕೆ ಬಲವಾದ ಪೆಟ್ಟು ಬಿದ್ದಾಗ ಮಾತ್ರ ಹೀಗಾಗುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಕುಸಿದ ಮೂಲೆಯ ಮೇಲೆ ನಿಮ್ಮ ಸಂಸ್ಥೆಯ ಹೆಸರು ಮುದ್ರಿಸಿದ ಟೇಪನ್ನು ಸುತ್ತಲಾಗಿದೆ. ಬುಕಿಂಗ್ ದಿನದ ಫೋಟೋದಲ್ಲಿ ಅದಿಲ್ಲ, ನನ್ನ ಕಂದು ಟೇಪ್ ಮಾತ್ರ ಇದೆ. ಅಂದರೆ ನಿಮ್ಮ ಸಿಬ್ಬಂದಿಯಲ್ಲಿ ಯಾರೋ ಒಬ್ಬರು ದಾರಿಯಲ್ಲಿ ಈ ಹಾನಿಯನ್ನು ನೋಡಿ, ಟೇಪ್ ಹಾಕಿ, ದಾಖಲಿಸದೆ ಮುಂದಕ್ಕೆ ಕಳಿಸಿದ್ದಾರೆ. ಟ್ರ್ಯಾಕಿಂಗ್ ವಿವರದ ಪ್ರಕಾರ ಪಾರ್ಸೆಲ್ ಚಿತ್ರದುರ್ಗವನ್ನು ದಾಟಿ ದಾವಣಗೆರೆಯ ಹಬ್‌ಗೆ ಹೋಗಿ, ಆಗಸ್ಟ್ 13ರ ಹಗಲೆಲ್ಲ ಅಲ್ಲಿದ್ದು, ಮತ್ತೆ ಹಿಂದಕ್ಕೆ ಬಂದಿದೆ. ಪೆಟ್ಟು ಅಲ್ಲಿಯೇ ಬಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಬೆಂಗಳೂರು ಮತ್ತು ದಾವಣಗೆರೆ ಹಬ್‌ಗಳ 11ರಿಂದ 14ರವರೆಗಿನ ಸಿಸಿಟಿವಿ ದೃಶ್ಯಗಳನ್ನು ಅಳಿಸದೆ ಕಾಯ್ದಿಡಬೇಕು.

ಇನ್ನು ಡಿಸ್ಕ್ ಮೊದಲೇ ಕೆಟ್ಟಿತ್ತೇ ಎಂಬ ಪ್ರಶ್ನೆ. ಕಳಿಸುವ ಹಿಂದಿನ ದಿನ ಪೂರ್ಣ ಪರೀಕ್ಷೆ ನಡೆಸಿ ವರದಿಯನ್ನು ಉಳಿಸಿಕೊಂಡಿದ್ದೆ. ಅದರಲ್ಲಿ ಯಾವ ದೋಷವೂ ಇಲ್ಲ, `Current_Pending_Sector` ಸೊನ್ನೆ, `Power_Cycle_Count` 187, `Power_On_Hours` 2316. ಪಾರ್ಸೆಲ್ ಬಿಚ್ಚಿ ಮೊದಲ ಬಾರಿ ಜೋಡಿಸಿದಾಗ ಬಂದ ಅಂಕಿಗಳಲ್ಲಿ ಅಗತ್ಯವಾದವು ಇವು:

```
smartctl -d sat -A /dev/sdb
  9 Power_On_Hours          2316
 12 Power_Cycle_Count        188
197 Current_Pending_Sector   392
```

ಡಿಸ್ಕನ್ನು ಪ್ರತಿ ಸಲ ಚಾಲೂ ಮಾಡಿದಾಗ ಎಣಿಕೆ ಒಂದು ಹೆಚ್ಚುತ್ತದೆ. 187 ಆದ ಮೇಲೆ 188 ಎಂದರೆ ನಡುವೆ ಯಾರೂ ಇದನ್ನು ಬಳಸಿಲ್ಲ. ಅಷ್ಟರಲ್ಲೇ ಓದಲಾಗದ 392 ಜಾಗಗಳು ಕಾಣಿಸಿಕೊಂಡಿವೆ. ನಿಮ್ಮ ತಾಂತ್ರಿಕ ಸಿಬ್ಬಂದಿ ಇದೇ ವರದಿಯಲ್ಲಿ `G-Sense_Error_Rate` ಸೊನ್ನೆ ಇರುವುದನ್ನು ತೋರಿಸಿ ಪೆಟ್ಟೇ ಬಿದ್ದಿಲ್ಲ ಎನ್ನಬಹುದು. ಆ ಎಣಿಕೆ ವಿದ್ಯುತ್ ಇದ್ದಾಗ ಮಾತ್ರ ನಡೆಯುತ್ತದೆ, ಲಾರಿಯಲ್ಲಿದ್ದ ಡಿಸ್ಕಿಗೆ ವಿದ್ಯುತ್ ಇರಲಿಲ್ಲ. ಕೆಲವೇ ನಿಮಿಷಗಳಲ್ಲಿ ಡಿಸ್ಕಿನೊಳಗಿಂದ ಟಕ್ ಟಕ್ ಎಂಬ ಸದ್ದು ಶುರುವಾಗಿ ಕಂಪ್ಯೂಟರಿನಿಂದ ಮಾಯವಾಯಿತು. ಓದುವ ಹೆಡ್ ತಟ್ಟೆಯನ್ನು ಗೀರಿ ಇನ್ನಷ್ಟು ಹಾಳುಮಾಡೀತೆಂದು ಕೂಡಲೇ ಆರಿಸಿದೆ, ಮತ್ತೆ ಚಾಲೂ ಮಾಡಲಿಲ್ಲ.

18ರಂದು ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೆಂಗಳೂರಿನ ದತ್ತಾಂಶ ಮರುಪಡೆಯುವ ಪ್ರಯೋಗಾಲಯಕ್ಕೆ ಒಯ್ದೆ. ಸರ್ಕ್ಯೂಟ್ ಬೋರ್ಡ್ ಸುಟ್ಟಿಲ್ಲ, ವಿದ್ಯುತ್ ಏರುಪೇರಿನ ಗುರುತಿಲ್ಲ, ಹೆಡ್ ಭಾಗಕ್ಕೆ ಯಾಂತ್ರಿಕ ಹಾನಿಯಾಗಿದೆ ಎಂದು ಅವರ ಲಿಖಿತ ವರದಿ ಹೇಳುತ್ತದೆ.

ನನ್ನ ಕೋರಿಕೆ ಹೀಗಿದೆ. ಡಿಸ್ಕಿನ ನಮೂದಿತ ಮೌಲ್ಯ 18,500, ನಿಮಗೆ ಕಟ್ಟಿದ 790, ಪ್ರಯೋಗಾಲಯದ ಪರೀಕ್ಷೆಗೆ ತೆತ್ತ 1,770, ಒಟ್ಟು 21,060 ರೂಪಾಯಿಯನ್ನು ಕೊಡಬೇಕು. ಮೂಲ ಚಿತ್ರೀಕರಣದ ಪ್ರತಿಗಳು ನನ್ನಲ್ಲಿ ಬೇರೆ ಡಿಸ್ಕಿನಲ್ಲಿವೆ, ಅದಕ್ಕಾಗಿ ನಾನು ಏನನ್ನೂ ಕೇಳುತ್ತಿಲ್ಲ. ಬೆಂಗಳೂರಿನಲ್ಲಿ ಆರು ದಿನ ಕೂತು ಮಾಡಿಸಿದ ಎರಡು ಮದುವೆಗಳ ಎಡಿಟಿಂಗ್ ಕೆಲಸ ಮಾತ್ರ ಇದೊಂದರಲ್ಲೇ ಇದೆ. ಅದನ್ನು ಹೊರತೆಗೆಯಲು ಪ್ರಯೋಗಾಲಯದವರು 32,000 ರೂಪಾಯಿಯ ಅಂದಾಜು ಕೊಟ್ಟಿದ್ದಾರೆ. ಈ ಮೊತ್ತ ನಮೂದಿತ ಮೌಲ್ಯವನ್ನು ಮೀರುತ್ತದೆಂಬುದು ನನಗೆ ಗೊತ್ತು. ಹಾನಿಯನ್ನು ಕಂಡೂ ಮರೆಮಾಚಿ ಕಳಿಸಿದ ಕಾರಣ ಇದನ್ನೂ ಪ್ರತ್ಯೇಕವಾಗಿ ಪರಿಗಣಿಸಬೇಕೆಂದು ಕೇಳುತ್ತೇನೆ.

ಪೆಟ್ಟಿಗೆ, ಫೋಮ್, ಟೇಪ್, ಸೂಚಕ ಪಟ್ಟಿ ಎಲ್ಲವನ್ನೂ ಬಂದ ಸ್ಥಿತಿಯಲ್ಲೇ ಸ್ಟುಡಿಯೋದಲ್ಲಿ ಇಟ್ಟಿದ್ದೇನೆ. ನಿಮ್ಮ ಪರಿವೀಕ್ಷಕರು ಭಾನುವಾರ ಬಿಟ್ಟು ಯಾವ ದಿನ ಬೇಕಾದರೂ ಬಂದು ನೋಡಬಹುದು. ಆದರೆ ಸ್ವೀಕೃತಿ ಪತ್ರವಿಲ್ಲದೆ ಯಾವುದನ್ನೂ ಕೊಂಡೊಯ್ಯಲು ಬಿಡುವುದಿಲ್ಲ. ಈ ಪತ್ರವನ್ನು ರಸ್ತೆ ಸರಕು ಸಾಗಣೆ ಕಾಯ್ದೆ, 2007ರ ಪ್ರಕಾರ ಬುಕಿಂಗ್ ದಿನದಿಂದ 180 ದಿನಗಳೊಳಗೆ ಕೊಡಬೇಕಾದ ಲಿಖಿತ ನೋಟಿಸ್ ಎಂದೇ ಪರಿಗಣಿಸಬೇಕು. ಇದರ ಮುದ್ರಿತ ಪ್ರತಿಯನ್ನು ಇಂದೇ ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸುತ್ತಿದ್ದೇನೆ. ಸೆಪ್ಟೆಂಬರ್ 5ರೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಬುಕಿಂಗ್ ರಶೀದಿ, ಒಂಬತ್ತು ಫೋಟೋಗಳು, ಎರಡು ವಿಡಿಯೋಗಳು, ಹಿಂದಿನ ಮತ್ತು ನಂತರದ ಪರೀಕ್ಷಾ ವರದಿಗಳು, ಪ್ರಯೋಗಾಲಯದ ವರದಿ ಹಾಗೂ ಬಿಲ್ಲನ್ನು ಲಗತ್ತಿಸಿದ್ದೇನೆ. ಬುಕಿಂಗ್ ವೇಳೆ ಕೊಟ್ಟ ಮೊಬೈಲ್ ಸಂಖ್ಯೆಯಲ್ಲೇ ನನ್ನನ್ನು ಸಂಪರ್ಕಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಎಂ. ತಿಪ್ಪೇಸ್ವಾಮಿ
ಹೊಳಲ್ಕೆರೆ ರಸ್ತೆ, ಚಿತ್ರದುರ್ಗ