ಎಐ ಸಾಧನದ ನೆರವನ್ನು ಅಸೈನ್‌ಮೆಂಟಿನಲ್ಲಿ ನಮೂದಿಸುವ ಕ್ರಮ: ಎಂ.ಎ. ಇತಿಹಾಸ, ಮೂರನೇ ಸೆಮಿಸ್ಟರ್

ಕೋಲಾರ ಜಿಲ್ಲೆಯ ಕೆರೆ ನೀರಾವರಿಯನ್ನು ಕುರಿತು ನೀವು ಈ ಸೆಮಿಸ್ಟರಿನಲ್ಲಿ ಬರೆಯಬೇಕಾದ 3,000 ಪದಗಳ ಅಸೈನ್‌ಮೆಂಟಿನಲ್ಲಿ ಚಾಟ್‌ಜಿಪಿಟಿ ಅಥವಾ ಜೆಮಿನಿಯನ್ನು ಮೂರು ಕೆಲಸಗಳಿಗೆ ಬಳಸಲು ಅನುಮತಿ ಇದೆ: ಬರಹದ ಚೌಕಟ್ಟನ್ನು ಯೋಚಿಸುವುದಕ್ಕೆ, ಇಂಗ್ಲಿಷ್ ಆಕರದ ಭಾಗಗಳ ಕರಡು ಅನುವಾದಕ್ಕೆ, ನೀವೇ ಬರೆದ ಕನ್ನಡದ ಕಾಗುಣಿತ ಮತ್ತು ವಾಕ್ಯದೋಷಗಳನ್ನು ತಿದ್ದುವುದಕ್ಕೆ. ಹೀಗೆ ಪಡೆದ ನೆರವನ್ನು ಬರಹದಲ್ಲಿಯೇ ತಿಳಿಸಬೇಕು. ಪ್ರಾಮಾಣಿಕವಾಗಿ ತಿಳಿಸಿದ್ದಕ್ಕೆ ಯಾರ ಅಂಕವನ್ನೂ ಕಳೆಯುವುದಿಲ್ಲ. ಬಳಸಿಯೂ ತಿಳಿಸದಿದ್ದರೆ ಬರಹವನ್ನು ಮೌಲ್ಯಮಾಪನ ಮಾಡದೆ ಹಿಂದಿರುಗಿಸಲಾಗುವುದು.

‘ಈ ಬರಹಕ್ಕೆ ಎಐ ಬಳಸಲಾಗಿದೆ’ ಎಂಬ ಒಂದು ಸಾಲು ಸಾಲದು. ಅದನ್ನು ಓದಿದವರಿಗೆ ಚೌಕಟ್ಟು ಯಾರದು, ಅನುವಾದ ಯಾರದು, ತೀರ್ಮಾನ ಯಾರದು ಎಂಬುದು ತಿಳಿಯುವುದಿಲ್ಲ. ಯಾವ ಸಾಧನ, ಯಾವ ದಿನ, ಯಾವ ಕೆಲಸಕ್ಕೆ, ಬಂದ ಉತ್ತರದಲ್ಲಿ ಎಷ್ಟನ್ನು ಉಳಿಸಿಕೊಂಡಿರಿ, ಅದನ್ನು ಯಾವುದರೊಡನೆ ಹೋಲಿಸಿ ನೋಡಿದಿರಿ ಎಂಬಷ್ಟೂ ಹೇಳಿಕೆಯಲ್ಲಿ ಇರಬೇಕು. ಇವುಗಳಲ್ಲಿ ಕೊನೆಯದನ್ನೇ ವಿದ್ಯಾರ್ಥಿಗಳು ಹೆಚ್ಚಾಗಿ ಬಿಡುತ್ತಾರೆ. ನಾನು ಮೊದಲು ಹುಡುಕುವುದೂ ಅದನ್ನೇ.

ಚೌಕಟ್ಟಿಗೆ ನೆರವು ಪಡೆದವರು ಬರಹದ ಕೊನೆಯಲ್ಲಿ, ‘ಬಳಕೆಯ ಹೇಳಿಕೆ’ ಎಂಬ ಶೀರ್ಷಿಕೆಯಡಿ, ಈ ರೀತಿ ಬರೆಯಬಹುದು:

“ಈ ಬರಹದ ಅಧ್ಯಾಯಗಳ ಕ್ರಮವನ್ನು ಯೋಚಿಸಲು 2025ರ ಅಕ್ಟೋಬರ್ 18ರಂದು ಚಾಟ್‌ಜಿಪಿಟಿಯನ್ನು ಬಳಸಿದ್ದೇನೆ. ಅದು ಸೂಚಿಸಿದ ಆರು ಭಾಗಗಳಲ್ಲಿ ಕೆರೆಯ ನಿರ್ಮಾಣ, ನೀರಿನ ಹಂಚಿಕೆ ಮತ್ತು ಹೂಳೆತ್ತುವಿಕೆ ಎಂಬ ಮೂರನ್ನು ಉಳಿಸಿಕೊಂಡು, ಕೆರೆಗೆ ಬಿಟ್ಟ ದತ್ತಿಗಳನ್ನು ಕುರಿತ ಭಾಗವನ್ನು ಶಾಸನಗಳನ್ನು ಓದಿದ ಮೇಲೆ ನಾನೇ ಸೇರಿಸಿದ್ದೇನೆ. ಬರಹದ ಯಾವ ವಾಕ್ಯವೂ ಸಾಧನದಿಂದ ಬಂದುದಲ್ಲ. ಸಂಭಾಷಣೆಯ ಪೂರ್ಣ ಪ್ರತಿ ಅನುಬಂಧ 1ರಲ್ಲಿದೆ.”

ಅನುವಾದದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ನಮ್ಮ ವಿಷಯದ ಇಂಗ್ಲಿಷ್ ಆಕರಗಳಲ್ಲಿ ಕೆರೆಗೆ ‘ಟ್ಯಾಂಕ್’ ಎಂದೂ ಕೋಡಿಗೆ ‘ವೇಸ್ಟ್ ವಿಯರ್’ ಎಂದೂ ಬರೆದಿರುತ್ತಾರೆ. ಊರಿನ ಕೆರೆಯ ಏರಿಯ ಮೇಲೆ ಓಡಾಡಿ ಬೆಳೆದ ನಿಮಗೆ ಆ ಪದಗಳ ಅರ್ಥ ನೋಡಿದೊಡನೆ ಹೊಳೆಯುತ್ತದೆ. ಆದರೆ ಸಾಧನವು ಒಮ್ಮೆ ‘ಕೆರೆ’ ಎಂದೂ ಇನ್ನೊಮ್ಮೆ ‘ತೊಟ್ಟಿ’ ಎಂದೂ ಬರೆದೀತು, ಕೋಡಿಯನ್ನು ‘ತ್ಯಾಜ್ಯ ಅಣೆಕಟ್ಟು’ ಮಾಡೀತು. ನೀವು ತಿದ್ದಿದ ಇಂಥ ಪದಗಳನ್ನು ಹೇಳಿಕೆಯಲ್ಲಿ ಕಾಣಿಸಿದರೆ ನೀವು ಮೂಲವನ್ನು ಓದಿದ್ದೀರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅನುವಾದಿತ ಭಾಗ ಬರುವ ಕಡೆಯಲ್ಲಿಯೇ ಅಡಿಟಿಪ್ಪಣಿ ಹಾಕಬೇಕು. ಅದರಲ್ಲಿ ಮೂಲ ಗ್ರಂಥದ ಹೆಸರು ಮೊದಲು ಬರಬೇಕು, ಸಾಧನದ ಹೆಸರು ಆಮೇಲೆ:

“ಬಿ. ಎಲ್. ರೈಸ್, ಮೈಸೂರು ಗೆಜೆಟಿಯರ್, 1897, ಸಂಪುಟ 2, ಕೋಲಾರ ಜಿಲ್ಲೆಯ ಅಧ್ಯಾಯ. ಕನ್ನಡದ ಕರಡು ಅನುವಾದವನ್ನು 2025ರ ಅಕ್ಟೋಬರ್ 21ರಂದು ಜೆಮಿನಿಯಿಂದ ಪಡೆದು, ಇಂಗ್ಲಿಷ್ ಮೂಲದೊಡನೆ ವಾಕ್ಯ ವಾಕ್ಯವನ್ನೂ ಹೋಲಿಸಿ ತಿದ್ದಿದ್ದೇನೆ. ‘ತೊಟ್ಟಿ’ ಎಂದಿದ್ದುದನ್ನು ‘ಕೆರೆ’ ಎಂದೂ, ‘ತ್ಯಾಜ್ಯ ಅಣೆಕಟ್ಟು’ ಎಂದಿದ್ದುದನ್ನು ‘ಕೋಡಿ’ ಎಂದೂ ಬದಲಿಸಿದ್ದೇನೆ.”

ಭಾಷೆಯನ್ನು ಮಾತ್ರ ತಿದ್ದಿಸಿಕೊಂಡಿದ್ದರೆ ಇಷ್ಟು ವಿವರ ಬೇಡ. “ನಾನು ಬರೆದು ಮುಗಿಸಿದ ಕರಡಿನ ಕಾಗುಣಿತ ಮತ್ತು ವಾಕ್ಯದೋಷಗಳನ್ನು 2025ರ ನವೆಂಬರ್ 8ರಂದು ಚಾಟ್‌ಜಿಪಿಟಿಯ ನೆರವಿನಿಂದ ತಿದ್ದಿದ್ದೇನೆ, ಸೂಚಿಸಿದ ತಿದ್ದುಪಡಿಗಳಲ್ಲಿ ಅರ್ಥ ಬದಲಾಗುವಂಥವನ್ನು ಒಪ್ಪಿಕೊಂಡಿಲ್ಲ” ಎಂದರೆ ಸಾಕು.

ಸಾಧನ ಕೊಟ್ಟ ಮಾತನ್ನೇ ಚರ್ಚೆಗಾಗಿ ಉದ್ಧರಿಸುವ ಸಂದರ್ಭ ಅಪರೂಪ. ಹಾಗೆ ಮಾಡುವುದಾದರೆ ಅದನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಅಡಿಟಿಪ್ಪಣಿ ಕೊಡಬೇಕು: “‘ನೀರುಗಂಟಿಯ ಕೆಲಸವೇನು?’ ಎಂಬ ನನ್ನ ಪ್ರಶ್ನೆಗೆ ಚಾಟ್‌ಜಿಪಿಟಿ, ಓಪನ್‌ಎಐ, 2025ರ ಅಕ್ಟೋಬರ್ 23ರಂದು ಕೊಟ್ಟ ಉತ್ತರ, ಅನುಬಂಧ 2. ಈ ಉತ್ತರದಲ್ಲಿ ನೀರುಗಂಟಿಯನ್ನು ಕಂದಾಯ ವಸೂಲಿಗಾರ ಎಂದಿರುವುದು ತಪ್ಪು. ತೂಬು ತೆಗೆದು ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು ಅವನ ಕೆಲಸ.” ನೋಡಿ, ಇಲ್ಲಿ ಸಾಧನದ ಮಾತು ಪರಿಶೀಲನೆಯ ವಸ್ತುವಾಗಿದೆಯೇ ಹೊರತು ಆಧಾರವಾಗಿಲ್ಲ. ಇತಿಹಾಸದ ಸಂಗತಿಯೊಂದಕ್ಕೆ ಎಐ ಸಾಧನವನ್ನು ಆಧಾರವಾಗಿ ಕೊಡುವುದನ್ನು ಈ ಅಸೈನ್‌ಮೆಂಟಿನಲ್ಲಿ ಒಪ್ಪುವುದಿಲ್ಲ.

ಇದಕ್ಕೆ ಕಾರಣವಿದೆ. ಕಳೆದ ವರ್ಷ ನಾನು ತಿದ್ದಿದ ಒಂದು ಬರಹದಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟದ ಶಾಸನವೊಂದರ ಸಂಖ್ಯೆಯಿತ್ತು, ತಾಲ್ಲೂಕಿನ ಹೆಸರೂ ಇತ್ತು. ಗ್ರಂಥಾಲಯದಿಂದ ಹತ್ತನೆಯ ಸಂಪುಟವನ್ನು ತರಿಸಿ ಆ ಸಂಖ್ಯೆಯನ್ನು ತೆಗೆದು ನೋಡಿದೆ. ಅಲ್ಲಿದ್ದ ಶಾಸನಕ್ಕೂ ಕೆರೆಗೂ ಸಂಬಂಧವೇ ಇರಲಿಲ್ಲ. ಬರೆದಾಕೆ ಒಳ್ಳೆಯ ವಿದ್ಯಾರ್ಥಿನಿ. ಮೋಸ ಮಾಡುವ ಉದ್ದೇಶ ಅವಳಿಗೆ ಇರಲಿಲ್ಲ, ಪರದೆಯ ಮೇಲೆ ಬಂದುದನ್ನು ನಂಬಿದ್ದಳು. ಅವಳು ಅತ್ತದ್ದು ನನಗೆ ಇನ್ನೂ ನೆನಪಿದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ಆದ್ದರಿಂದ ಶಾಸನದ ಸಂಖ್ಯೆ, ಇಸವಿ, ಪುಟ ಇವಿಷ್ಟನ್ನೂ ಸಂಪುಟವನ್ನು ನೀವೇ ತೆರೆದು ನೋಡಿ ಬರೆಯಬೇಕು. ಆಗ ಉಲ್ಲೇಖವೂ ಆ ಸಂಪುಟದ್ದೇ ಆಗುತ್ತದೆ.

ಎಪಿಎ ಶೈಲಿಯಲ್ಲಿ ಸಾಧನವನ್ನು ತಯಾರಿಸಿದ ಸಂಸ್ಥೆಯನ್ನು ಕರ್ತೃವಿನ ಸ್ಥಾನದಲ್ಲಿ ಬರೆಯುತ್ತಾರೆ. ಎಂಎಲ್‌ಎ ಶೈಲಿ ಸಾಧನವನ್ನು ಕರ್ತೃವೆಂದು ಎಣಿಸದೆ, ಕೇಳಿದ ಪ್ರಶ್ನೆಯನ್ನೇ ಶೀರ್ಷಿಕೆಯಾಗಿ ಕೊಡುತ್ತದೆ. ನಮ್ಮ ವಿಭಾಗ ಶಿಕಾಗೋ ಪದ್ಧತಿಯ ಅಡಿಟಿಪ್ಪಣಿಯನ್ನು ಅನುಸರಿಸುವುದರಿಂದ ಎಐ ಸಾಧನದ ಹೆಸರು ಅಡಿಟಿಪ್ಪಣಿ ಮತ್ತು ಬಳಕೆಯ ಹೇಳಿಕೆಯಲ್ಲಿ ಮಾತ್ರ ಬರಬೇಕು, ಆಕರಸೂಚಿಯಲ್ಲಿ ಬೇಡ. ಅದೇ ಪ್ರಶ್ನೆಯನ್ನು ನಾಳೆ ಕೇಳಿದರೆ ಬೇರೆ ಉತ್ತರ ಬರಬಹುದಾದ್ದರಿಂದ ಸಂಭಾಷಣೆಯ ಪ್ರತಿಯನ್ನು ಅನುಬಂಧವಾಗಿ ಲಗತ್ತಿಸುವುದು ಕಡ್ಡಾಯ; ಲಿಂಕ್ ಮಾತ್ರ ಕೊಟ್ಟರೆ ಸಾಲದು.

ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲವೆಂಬುದನ್ನು ಕೆಲವರು ನನ್ನೆದುರು ಹೇಳಿದ್ದಾರೆ. ಹೋಲಿಕೆಯ ತಪಾಸಣೆ ಈಗಾಗಲೇ ಇರುವ ಬರಹಗಳೊಡನೆ ನಿಮ್ಮ ಬರಹವನ್ನು ಹೋಲಿಸುತ್ತದೆ. ಸಾಧನವು ಹೊಸದಾಗಿ ಹೆಣೆದ ವಾಕ್ಯಗಳು ಅದಕ್ಕೆ ಸಿಗದೆ ಹೋಗಬಹುದು. ಹಾಗಾಗಿ ಕಡಿಮೆ ಶೇಕಡಾವಾರು ಬಂದರೆ ಹೇಳಿಕೆಯನ್ನು ಬಿಡಬಹುದು ಎಂದು ತಿಳಿಯಬೇಡಿ.

ಹಳ್ಳಿಗಳಲ್ಲಿ ನೀವು ಮಾತನಾಡಿಸಿದ ರೈತರ, ನೀರುಗಂಟಿಗಳ ಹೆಸರನ್ನಾಗಲಿ ಫೋನ್ ಸಂಖ್ಯೆಯನ್ನಾಗಲಿ ಯಾವ ಸಾಧನಕ್ಕೂ ಕೊಡಬೇಡಿ. ಅವರು ಮಾತನಾಡಿದ್ದು ನಿಮ್ಮ ಮೇಲಿನ ನಂಬಿಕೆಯಿಂದ.

ಬರಹ, ಬಳಕೆಯ ಹೇಳಿಕೆ ಮತ್ತು ಅನುಬಂಧಗಳನ್ನು ಒಂದೇ ಪಿಡಿಎಫ್ ಆಗಿ 2025ರ ನವೆಂಬರ್ 14ರ ಸಂಜೆ 5 ಗಂಟೆಯೊಳಗೆ ಸಲ್ಲಿಸಬೇಕು. ಎಐ ಸಾಧನವನ್ನು ಬಳಸದವರು “ಈ ಬರಹಕ್ಕೆ ಎಐ ಸಾಧನವನ್ನು ಬಳಸಿಲ್ಲ” ಎಂದು ಒಂದು ಸಾಲು ಬರೆದು ಸಹಿ ಮಾಡಬೇಕು. ನಿಮ್ಮ ಬಳಕೆ ಮೇಲಿನ ಮೂರು ಕೆಲಸಗಳೊಳಗೆ ಬರುತ್ತದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಸಲ್ಲಿಸುವ ಮೊದಲೇ, ಬುಧವಾರ ಮಧ್ಯಾಹ್ನ ವಿಭಾಗದಲ್ಲಿ ನನ್ನನ್ನು ಬಂದು ಕಾಣಿರಿ. ಬರುವಾಗ ಸಂಭಾಷಣೆಯ ಪ್ರತಿ ಜೊತೆಗಿರಲಿ.