ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ

ತಮ್ಮಾ, ಗೆಳೆಯರ ಎದುರು ಬಾಯಿಗೆ ಮಾತೇ ಬರಲ್ಲ ಅಂದೆಯಲ್ಲ, ಅವರು ಕೆಟ್ಟದ್ದಕ್ಕೆ ಕರೆದಾಗ ಹೇಳೋಕೆ ಅಂತಲೇ ಈ ಮಾತುಗಳನ್ನು ಬರೆದಿಟ್ಟಿದ್ದೀನಿ. ಅಜ್ಜಿ ಹೇಳ್ತಿದ್ದವು ಒಂದೆರಡು, ಉಳಿದವು ನಾನು ಕಟ್ಟಿದ್ದು.

ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ. (ನೀನಂತೂ ಸನ್ಯಾಸಿಯೂ ಅಲ್ಲ.)

ಬೀಡಿ, ಸಿಗರೇಟು ಚಾಚಿದಾಗ:

ಗಂಡಸ್ತನ ಕಡ್ಡಿ ಗೀರೋದರಲ್ಲಿದ್ದರೆ ಬೆಂಕಿಪೊಟ್ಟಣವೇ ಪೈಲ್ವಾನ.

ಒಂದೇ ದಮ್ಮು ಅಂದವನು ಎರಡನೆಯದಕ್ಕೂ ಕರೀತಾನೆ.

ಕಬಡ್ಡಿಗೆ ಇಟ್ಟ ಉಸಿರು ಬೀಡಿಗೆ ಸಾಲ ಕೊಡಲ್ಲ.

ಬಾಯಿ ಸುಳ್ಳು ಹೇಳಿದರೂ ಅಂಗಿ ಅಮ್ಮನಿಗೆ ನಿಜ ಹೇಳುತ್ತೆ.

ನಿನ್ನ ಧೈರ್ಯ ತೋರಿಸೋಕೆ ನನ್ನ ಶ್ವಾಸಕೋಶ ಬಾಡಿಗೆಗಿಲ್ಲ.

ಶಾಲೆಯಿಂದ 100 ಗಜದೊಳಗೆ ಬೀಡಿ, ಸಿಗರೇಟು ಮಾರೋದೇ ಕಾನೂನಿಗೆ ವಿರುದ್ಧ. ಗೂಡಂಗಡಿ ಹತ್ತಿರ ಯಾರಾದರೂ ‘ಎಲ್ಲರೂ ಸೇದ್ತಾರೆ’ ಅಂದರೆ ಇದನ್ನೂ ಹೇಳು.

ಕಾಪಿ ಹೊಡೆಯೋಣ ಅಂದರೆ:

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇದೂ ಅಜ್ಜಿಯದೇ.

ಜೇಬಲ್ಲಿ ಚೀಟಿ ಇದ್ದವನ ಕಣ್ಣು ಮೇಷ್ಟ್ರ ಮೇಲೆ, ಪ್ರಶ್ನೆ ಮೇಲಲ್ಲ.

ಪಕ್ಕದವನ ತಪ್ಪು ಕದಿಯೋದಕ್ಕಿಂತ ನನ್ನ ತಪ್ಪೇ ವಾಸಿ.

ಎಸ್ಸೆಸ್ಸೆಲ್ಸಿ ಪರೀಕ್ಷಾ ಹಾಲ್‌ನ ಕ್ಯಾಮೆರಾಕ್ಕೆ ಸ್ನೇಹ ಗೊತ್ತಿಲ್ಲ.

ಬಂಕ್ ಹೊಡೆಯೋರಿಗೆ ಒಂದೇ ಸಾಕು:

ನಾವು ಪಾಠಕ್ಕೆ ಬಂಕ್ ಹೊಡೆದರೂ ಪಾಠ ಪರೀಕ್ಷೆಗೆ ಬಂಕ್ ಹೊಡೆಯಲ್ಲ.

ಹಾಜರಾತಿ 75 ಪರ್ಸೆಂಟ್ ಬೇಕು ಅನ್ನೋದು ನಿನಗೂ ಗೊತ್ತು, ಅವರಿಗೂ ಗೊತ್ತು.

ಇದ್ಯಾವುದೂ ಆ ಹೊತ್ತಿಗೆ ನೆನಪಾಗದಿದ್ದರೆ ‘ಅಕ್ಕ ಕಾಯ್ತಿದ್ದಾಳೆ’ ಅಂದು ಸೈಕಲ್ ಹತ್ತು. ಬಯ್ಗುಳ ನನಗೆ ಬೀಳಲಿ, ಪರವಾಗಿಲ್ಲ.